ಮುಖ ಮಾತ್ರ ಹಾಗೇ ಇರಲಿ ಎಂಬ ಸಾಲು

2023ರ ಮೇ 28ರಂದು ದೆಹಲಿಯಲ್ಲಿ ಹೊಸ ಸಂಸತ್ ಭವನದ ಉದ್ಘಾಟನೆ ನಡೆಯಿತು. ಕುಸ್ತಿ ಫೆಡರೇಷನ್ ಅಧ್ಯಕ್ಷರ ಮೇಲಿನ ಲೈಂಗಿಕ ಕಿರುಕುಳದ ಆರೋಪಕ್ಕೆ ಕ್ರಮ ಆಗಲಿ ಎಂದು ಜಂತರ್ ಮಂತರ್‌ನಲ್ಲಿ ಧರಣಿ ಕೂತಿದ್ದ ಕುಸ್ತಿಪಟುಗಳು ಅಂದು ಆ ಭವನದ ಕಡೆ ಹೊರಟರು. ಪೊಲೀಸರು ದಾರಿಯಲ್ಲೇ ತಡೆದು ವಶಕ್ಕೆ ಪಡೆದರು. ಪೊಲೀಸ್ ವಾಹನದೊಳಗೆ ವಿನೇಶ್ ಫೋಗಟ್, ಸಂಗೀತಾ ಫೋಗಟ್ ಮತ್ತು ಸಂಗಡಿಗರು ಇರುವ ಒಂದು ಸೆಲ್ಫಿ ಹೊರಬಂತು. ಅದರಲ್ಲಿ ಇಬ್ಬರ ಮುಖದಲ್ಲೂ ನಗುವಿರಲಿಲ್ಲ.

ಸ್ವಲ್ಪ ಹೊತ್ತಿನಲ್ಲೇ ಅದೇ ಸೆಲ್ಫಿ ಇನ್ನೊಂದು ರೂಪದಲ್ಲಿ ಊರೆಲ್ಲ ಓಡಾಡತೊಡಗಿತು. ವಾಹನ, ಬಟ್ಟೆ, ಕೂತ ಭಂಗಿ ಎಲ್ಲವೂ ಅವೇ. ಬದಲಾಗಿದ್ದದ್ದು ತುಟಿ ಮತ್ತು ಕೆನ್ನೆ ಮಾತ್ರ; ಇಬ್ಬರೂ ಹಲ್ಲು ಕಾಣುವಂತೆ ನಗುತ್ತಿದ್ದರು. ‘ನೋಡಿ, ಹೋರಾಟವೆಲ್ಲ ನಾಟಕ’ ಎಂಬ ಒಕ್ಕಣೆಯೊಂದಿಗೆ ಜನ ಅದನ್ನು ಹಂಚಿದರು. ಸತ್ಯಶೋಧಕರು ಮೂಲ ಚಿತ್ರವನ್ನು ಫೇಸ್‌ಆ್ಯಪ್‌ಗೆ ಹಾಕಿ, ನಗು ಬರಿಸುವ ಫಿಲ್ಟರ್ ಒತ್ತಿ ನೋಡಿದಾಗ ಅಂಥದ್ದೇ ಚಿತ್ರ ಬಂತು. ಆ ಇಬ್ಬರ ಬೇರೆ ಯಾವ ಫೋಟೊದಲ್ಲೂ ಕಾಣದ ಕೆನ್ನೆಯ ಗುಳಿಗಳು ನಕಲಿಯಲ್ಲಿ ಮೂಡಿದ್ದವು.

ಈ ಪ್ರಕರಣ ನನಗೆ ಮುಖ್ಯ ಅನ್ನಿಸುವುದಕ್ಕೆ ಕಾರಣ ಅದರ ಸಣ್ಣತನ. ಅಲ್ಲಿ ಯಾರ ಬಟ್ಟೆಯನ್ನೂ ಕಿತ್ತಿರಲಿಲ್ಲ, ಯಾರನ್ನೂ ಯಾರ ಪಕ್ಕಕ್ಕೂ ತಂದು ನಿಲ್ಲಿಸಿರಲಿಲ್ಲ. ಚಿತ್ರದ ಬಹುಪಾಲು ನಿಜವಾಗಿದ್ದರಿಂದಲೇ ಸುಳ್ಳಾದ ಚೂರು ನಿಜವಾಗಿ ಕಂಡಿತು. ಅಂದು ಅದಕ್ಕೆ ಸಿದ್ಧ ಫಿಲ್ಟರ್ ಬೇಕಾಗಿತ್ತು. ಇಂದು ಎಐ ಆ್ಯಪ್‌ಗೆ ಒಂದು ಫೋಟೊ ಕೊಟ್ಟು, ಏನಾಗಬೇಕೆಂದು ಒಂದು ವಾಕ್ಯ ಬರೆದರೆ ಸಾಕು. ಆ ವಾಕ್ಯವೇ ಪ್ರಾಂಪ್ಟ್. ಬಾರಿನ ಮೇಜಿನೆದುರು ಕೂರಿಸಬಹುದು, ಪೊಲೀಸರ ನಡುವೆ ಕೈಕೋಳ ತೊಡಿಸಿ ನಿಲ್ಲಿಸಬಹುದು, ಹಣದ ಕಂತೆ ಕೈಗೆ ಕೊಡಬಹುದು. ಮಾಡಿದವರನ್ನು ಕೇಳಿದರೆ, ‘ನಾನು ಟೈಪ್ ಮಾಡಿದೆ ಅಷ್ಟೆ, ಬರೆದದ್ದು ಯಂತ್ರ’ ಎನ್ನುತ್ತಾರೆ.

ಆ ಮಾತನ್ನು ನಾನು ಒಪ್ಪುವುದಿಲ್ಲ. ಬಾರಿನ ಚಿತ್ರವೊಂದೇ ಬೇಕಿದ್ದರೆ ಯಂತ್ರ ತಾನಾಗಿಯೇ ಯಾವುದೋ ಕಾಲ್ಪನಿಕ ಮುಖವಿಟ್ಟು ಕೊಡುತ್ತದೆ. ಯಾರ ಫೋಟೊವನ್ನೂ ಕೊಡಬೇಕಾಗಿಲ್ಲ. ಆದರೂ ನಿರ್ದಿಷ್ಟ ವ್ಯಕ್ತಿಯ ಫೋಟೊ ಕೊಟ್ಟು, ‘ಮುಖ ಮಾತ್ರ ಹಾಗೇ ಇರಲಿ, ಬದಲಿಸಬೇಡ’ ಎಂದು ಬರೆಯುತ್ತೇವೆ. ಆ ಸಾಲನ್ನು ಬರೆಯುವುದೇ ನೋಡಿದವರು ಆ ವ್ಯಕ್ತಿಯನ್ನು ಗುರುತಿಸಲಿ ಎಂದು. ಅವರು ಯಾರು, ಅವರನ್ನು ಎಲ್ಲಿ ನಿಲ್ಲಿಸಿದರೆ ಮಾನ ಹೋಗುತ್ತದೆ ಎಂಬುದು ಯಂತ್ರಕ್ಕೆ ಗೊತ್ತಿಲ್ಲ, ಬರೆದವರಿಗೆ ಗೊತ್ತಿದೆ. ಹಾನಿಗೆ ಬೇಕಾದದ್ದೆಲ್ಲ ಆ ವಾಕ್ಯದಲ್ಲೇ ಇರುತ್ತದೆ.

2025ರ ಕೊನೆ ಮತ್ತು 2026ರ ಆರಂಭದ ದಿನಗಳಲ್ಲಿ ಇದು ಎಲ್ಲರ ಕಣ್ಣೆದುರೇ ನಡೆಯಿತು. ಎಕ್ಸ್ ಜಾಲತಾಣದಲ್ಲಿ ಹೆಣ್ಣುಮಕ್ಕಳು ಹಾಕಿದ ಸಾಮಾನ್ಯ ಫೋಟೊಗಳ ಕೆಳಗೆ ಅಪರಿಚಿತರು ಬಂದು, ಅಲ್ಲಿನ ಗ್ರೋಕ್ ಎಂಬ ಎಐಗೆ ‘ಇವಳಿಗೆ ಬಿಕಿನಿ ಹಾಕು’ ಎಂದು ಬರೆಯತೊಡಗಿದರು. ಚಿತ್ರ ಅದೇ ಜಾಗದಲ್ಲಿ, ಆ ಹೆಣ್ಣುಮಗಳ ಪರಿಚಿತರಿಗೂ ಕಾಣುವಂತೆ ಪ್ರಕಟವಾಗುತ್ತಿತ್ತು. ಜನವರಿ 2ರಂದು ಕೇಂದ್ರದ ಐಟಿ ಸಚಿವಾಲಯ ಎಕ್ಸ್‌ಗೆ ನೋಟಿಸ್ ಕೊಟ್ಟಿತು. ಇಂಡೊನೇಷ್ಯಾ ಮತ್ತು ಮಲೇಷ್ಯಾ ಗ್ರೋಕ್ ಅನ್ನೇ ಕೆಲಕಾಲ ತಡೆದವು. ಕೊನೆಗೆ ಕಂಪನಿ ನಿಜವ್ಯಕ್ತಿಗಳ ಫೋಟೊವನ್ನು ಹಾಗೆ ತಿದ್ದುವುದಕ್ಕೆ ನಿರ್ಬಂಧ ಹಾಕಿತು.

ಆಗ ಕೆಲವರು, ‘ಅದು ಅವಳ ದೇಹವೇ ಅಲ್ಲವಲ್ಲ, ನಷ್ಟವೇನು?’ ಎಂದು ಕೇಳಿದರು. ತಾಂತ್ರಿಕವಾಗಿ ಮೊದಲರ್ಧ ಸರಿ. ಯಂತ್ರಕ್ಕೆ ಬಟ್ಟೆಯ ಒಳಗೆ ಏನಿದೆ ಎಂದು ಕಾಣುವುದಿಲ್ಲ. ತರಬೇತಿಯಲ್ಲಿ ಕಂಡ ಅಸಂಖ್ಯ ಚಿತ್ರಗಳ ಆಧಾರದ ಮೇಲೆ, ಆ ಜಾಗದಲ್ಲಿ ಏನಿರಬಹುದೆಂದು ಊಹಿಸಿ ಬಿಡಿಸುತ್ತದೆ. ಆದರೆ ನೋಡುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಅವರು ಮುಖ ನೋಡಿ ದೇಹವನ್ನು ಆಕೆಯದೇ ಎಂದುಕೊಳ್ಳುತ್ತಾರೆ. ಮರುದಿನ ಆಫೀಸಿಗೋ ಕಾಲೇಜಿಗೋ ಹೋಗಿ ಆ ನೋಟಗಳನ್ನು ಎದುರಿಸಬೇಕಾದವಳು ಆಕೆ. ‘ಇದು ನಾನಲ್ಲ’ ಎಂದು ಸಾಬೀತು ಮಾಡುವ ದಾರಿಯೂ ಆಕೆಗೆ ಉಳಿಯುವುದಿಲ್ಲ. ತನ್ನ ನಿಜದೇಹ ತೋರಿಸಿ ಹೋಲಿಸಿಕೊಳ್ಳಿ ಎನ್ನಲು ಯಾರಿಗಾದರೂ ಆಗುತ್ತದೆಯೇ?

ಇಂಥದ್ದನ್ನು ಮಾಡುವವರೆಲ್ಲ ಹಗೆಯಿಂದಲೇ ಮಾಡುತ್ತಾರೆ ಎಂದು ತಿಳಿಯಬೇಕಿಲ್ಲ. 2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೊಗೆ ಅಂಟಿಸಿದ್ದು ಸುದ್ದಿಯಾಯಿತು. ಬಂಧಿತ ಯುವಕ ಆಕೆಯ ಅಭಿಮಾನಿ ಪುಟ ನಡೆಸುತ್ತಿದ್ದ, ಫಾಲೋವರ್‌ಗಳನ್ನು ಹೆಚ್ಚಿಸಿಕೊಳ್ಳಲು ಹೀಗೆ ಮಾಡಿದ ಎಂದು ದೆಹಲಿ ಪೊಲೀಸರು ಹೇಳಿದರು. ಮುಖ ಕಳೆದುಕೊಂಡ ಆ ಇನ್ನೊಬ್ಬ ಮಹಿಳೆಗೂ ಅನ್ಯಾಯವೇ ಆಯಿತು. ಆಕೆಯನ್ನು ನೆನೆದವರು ಕಡಿಮೆ.

ನಮ್ಮ ನಿಮ್ಮ ನಡುವೆ ಹೆಚ್ಚಾಗಿ ಇದು ನಡೆಯುವುದು ತಮಾಷೆಯ ಹೆಸರಿನಲ್ಲಿ. ಒಂದು ಆಫೀಸಿನ ವಾಟ್ಸ್‌ಆ್ಯಪ್ ಗುಂಪು ಎಂದಿಟ್ಟುಕೊಳ್ಳಿ. ಮದುವೆ ನಿಶ್ಚಯವಾಗಿರುವ ಸಹೋದ್ಯೋಗಿಯನ್ನು ರೆಸಾರ್ಟ್ ಒಂದರಲ್ಲಿ ಯಾರೋ ಹುಡುಗಿಯ ಹೆಗಲ ಮೇಲೆ ಕೈ ಹಾಕಿ ನಿಂತಂತೆ ಮಾಡಿ, ‘ಏನ್ ಗುರೂ, ಇದೇನು?’ ಎಂದು ಹಾಕುತ್ತಾರೆ. ಗುಂಪಿನ ಎಂಟು ಜನರಿಗೂ ಅದು ತಮಾಷೆ ಎಂದು ಗೊತ್ತು, ಆತನೂ ನಗುತ್ತಾನೆ. ಒಬ್ಬರು ಅದನ್ನು ಮನೆಯಲ್ಲಿ ತೋರಿಸಲೆಂದು ಕಳಿಸುತ್ತಾರೆ. ಮುಂದಕ್ಕೆ ಹೋಗುವುದು ಚಿತ್ರ ಮಾತ್ರ. ಹಿಂದಿದ್ದ ಮಾತುಕತೆ, ನಗುವಿನ ಇಮೋಜಿ, ಯಾರು ಮಾಡಿದರೆಂಬ ವಿವರ ಯಾವುದೂ ಹೋಗುವುದಿಲ್ಲ. ಮೂರನೆಯ ಗುಂಪಿಗೆ ತಲುಪುವಾಗ ಅದು ಬರೀ ಒಂದು ಫೋಟೊ. ಅದು ಹೆಣ್ಣಿನ ಮನೆಯವರ ಫೋನಿಗೂ ಬಂದರೆ, ‘ಎಐ ಚಿತ್ರ’ ಎಂಬ ವಿವರಣೆ ಅವರ ಕಿವಿಗೆ ನುಣುಚಿಕೊಳ್ಳುವ ನೆಪದಂತೆ ಕೇಳುತ್ತದೆ.

ಎಐ ಚಿತ್ರಕ್ಕೆ ಗುರುತಿರುತ್ತದಲ್ಲ ಎನ್ನಬಹುದು. ಕೆಲವು ಕಂಪನಿಗಳು ಫೈಲಿನೊಳಗೆ ಮೂಲದ ಮಾಹಿತಿ ಸೇರಿಸುತ್ತವೆ ನಿಜ. ಆದರೆ ಒಂದು ಸ್ಕ್ರೀನ್‌ಶಾಟ್ ತೆಗೆದರೆ ಆ ಮಾಹಿತಿ ಹೋಯಿತು. ಮೂಲೆಯಲ್ಲಿ ಕಾಣುವ ಚಿಹ್ನೆಯನ್ನು ಕತ್ತರಿಸಿದರೆ ಅದೂ ಹೋಯಿತು. ಆರು ಬೆರಳು, ಓರೆ ಕಿವಿ ನೋಡಿ ಪತ್ತೆ ಮಾಡುವ ಕಾಲವೂ ಮುಗಿಯುತ್ತ ಬಂದಿದೆ. ಮೂಲ ಫೋಟೊ ಸಿಕ್ಕರೆ ಪಕ್ಕಪಕ್ಕ ಇಟ್ಟು ಹೋಲಿಸಬಹುದು. ಹೊಸದಾಗಿ ಸೃಷ್ಟಿಸಿದ ದೃಶ್ಯಕ್ಕೆ ಮೂಲವೇ ಇರುವುದಿಲ್ಲ. ಹಾಗಾಗಿ ತಡೆಯಲು ಸುಲಭವಾದ ಜಾಗ ಒಂದೇ, ಪ್ರಾಂಪ್ಟ್ ಬರೆಯುವ ಮುನ್ನ.

ನಿಮ್ಮದೇ ಫೋಟೊವನ್ನು ಹಳೆಯ ಸಿನಿಮಾ ಪೋಸ್ಟರಿನಂತೆ ಮಾಡಿಕೊಳ್ಳಿ, ಗೆಳತಿ ಒಪ್ಪಿದರೆ ಅವಳನ್ನು ಚಂದ್ರನ ಮೇಲೆ ನಿಲ್ಲಿಸಿ, ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ರಾಜಕಾರಣಿಯನ್ನು ಲೇವಡಿ ಮಾಡುವ ವ್ಯಂಗ್ಯಚಿತ್ರ ಬೇರೆ, ಆತ ಲಂಚ ಪಡೆಯುತ್ತಿರುವ ‘ಫೋಟೊ’ ಬೇರೆ. ವ್ಯಂಗ್ಯಚಿತ್ರ ನೋಡಿದವರಿಗೆ ಅದು ಕಲಾವಿದನ ಅಭಿಪ್ರಾಯ ಎಂದು ಗೊತ್ತಾಗುತ್ತದೆ. ಫೋಟೊ ಮಾತ್ರ ಇದು ನಡೆದದ್ದು ಎಂದು ಸಾಕ್ಷಿ ಹೇಳುತ್ತದೆ.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. ಐಟಿ ಕಾಯ್ದೆಯ 67ಎ ಕಲಮಿನಡಿ ಲೈಂಗಿಕ ದೃಶ್ಯಗಳನ್ನು ಪ್ರಕಟಿಸಿದರೆ ಅಥವಾ ಕಳಿಸಿದರೆ ಮೊದಲ ಬಾರಿಗೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಮಕ್ಕಳ ವಿಷಯದಲ್ಲಿ 67ಬಿ ಇನ್ನೂ ಮುಂದೆ ಹೋಗುತ್ತದೆ: ಅವರನ್ನು ಅಶ್ಲೀಲವಾಗಿ ತೋರಿಸುವ ಬರಹ ಅಥವಾ ಡಿಜಿಟಲ್ ಚಿತ್ರವನ್ನು ಸೃಷ್ಟಿಸುವುದೂ ಅಪರಾಧ. ಯಾರಿಗೂ ಕಳಿಸಲಿಲ್ಲ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ.

ಇಂಥ ಚಿತ್ರ ನಿಮ್ಮ ಫೋನಿಗೆ ಬಂದರೆ, ‘ಇದು ನಿಜವಾ?’ ಎಂದು ಕೇಳುವುದಕ್ಕಾದರೂ ಇನ್ನೊಬ್ಬರಿಗೆ ಕಳಿಸಬೇಡಿ. ಅದರಲ್ಲಿರುವವರು ಪರಿಚಿತರಾದರೆ ಮೊದಲು ಅವರಿಗೆ ತಿಳಿಸಿ, cybercrime.gov.in ತಾಣದಲ್ಲಿ ದೂರು ಕೊಡಲು ನೆರವಾಗಿ. ನೀವೇ ಅಂಥದ್ದೊಂದನ್ನು ಮಾಡಿ ಕಳಿಸಿದ್ದರೆ ಇವತ್ತೇ ಅಳಿಸಿ, ತಲುಪಿದವರಿಗೆಲ್ಲ ಅದು ಸುಳ್ಳು ಎಂದು ಹೆಸರು ಹಾಕಿ ಬರೆಯಿರಿ.