ಒಂದು ಸಂಬಳ, ಎರಡು ಪೇಸ್ಲಿಪ್

ಬೆಂಗಳೂರಿನ ಕಂಪನಿಯೊಂದು ತನ್ನ ಎಂಜಿನಿಯರನ್ನು ಎರಡು ವರ್ಷಕ್ಕೆ ಮ್ಯೂನಿಕ್‌ಗೆ ಕಳಿಸುವಾಗ ಸಂಬಳವನ್ನು ಎರಡು ಪಾಲು ಮಾಡುವುದುಂಟು. ಒಂದು ಪಾಲು ರೂಪಾಯಿಯಲ್ಲಿ ಇಲ್ಲಿನ ಖಾತೆಗೆ, ಇನ್ನೊಂದು ಯೂರೋದಲ್ಲಿ ಅಲ್ಲಿನ ಖಾತೆಗೆ. ಮನೆ ಸಾಲದ ಕಂತು, ಅಪ್ಪ ಅಮ್ಮನ ಖರ್ಚು ಇಲ್ಲಿನ ದುಡ್ಡಿನಲ್ಲಿ ಸಾಗುತ್ತದೆ. ಬಾಡಿಗೆ, ದಿನಸಿ ಅಲ್ಲಿಯದರಲ್ಲಿ. ಪಿಎಫ್ ಕೂಡ ನಿಲ್ಲದೆ ನಡೆಯುತ್ತದೆ. ಭಾರತ ಮತ್ತು ಜರ್ಮನಿಯ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಇಪಿಎಫ್‌ಒ ಕೊಡುವ ‘ಸರ್ಟಿಫಿಕೇಟ್ ಆಫ್ ಕವರೇಜ್’ ಕೈಯಲ್ಲಿದ್ದರೆ 48 ತಿಂಗಳವರೆಗೆ ಅಲ್ಲಿನ ಪಿಂಚಣಿ ವಂತಿಗೆ ಕಟ್ಟಬೇಕಿಲ್ಲ. ಉದ್ಯೋಗಿಯ ಸಂಬಳದಲ್ಲಿ ಶೇ. 9.3ರಷ್ಟು ಉಳಿಯುವ ಮಾತಿದು. ಆರೋಗ್ಯ ವಿಮೆ ಮಾತ್ರ ಈ ಒಪ್ಪಂದದಡಿ ಬರುವುದಿಲ್ಲ, ಅದನ್ನು ಬೇರೆಯಾಗಿಯೇ ಮಾಡಿಸಬೇಕು.

ಹೊರಡುವ ಬಹಳ ಜನರ ಲೆಕ್ಕ ತಪ್ಪುವುದು ತೆರಿಗೆಯಲ್ಲಿ. ಬೆಂಗಳೂರಿನಲ್ಲಿ ಕೊಟ್ಟ ರೂಪಾಯಿಗೆ ಇಲ್ಲಿಯೇ ತೆರಿಗೆ, ಮ್ಯೂನಿಕ್‌ನ ಯೂರೋಗೆ ಅಲ್ಲಿ ಎಂದುಕೊಳ್ಳುತ್ತಾರೆ. ಆದರೆ ಜರ್ಮನಿಯಲ್ಲಿ ವಾಸವಾಗಿ ಅಲ್ಲಿಯೇ ಕೆಲಸ ಮಾಡುವವರ ಸಂಬಳ ಯಾವ ದೇಶದ ಖಾತೆಗೆ ಬಿದ್ದರೂ ಅಲ್ಲಿನ ತೆರಿಗೆಗೆ ಸೇರುತ್ತದೆ.

ಒಂದು ಲೆಕ್ಕ ನೋಡೋಣ. ಮ್ಯೂನಿಕ್‌ನಲ್ಲಿ ತಿಂಗಳಿಗೆ 3,500 ಯೂರೋ, ಬೆಂಗಳೂರಿನಲ್ಲಿ 90,000 ರೂಪಾಯಿ ಎಂದಿಟ್ಟುಕೊಳ್ಳಿ. ಯೂರೋಗೆ 90 ರೂಪಾಯಿಯ ದರದಲ್ಲಿ ರೂಪಾಯಿ ಪಾಲು 1,000 ಯೂರೋ. ಅಲ್ಲಿನ ಪೇರೋಲ್‌ನವರು ಅದನ್ನೂ ಕೂಡಿಸಿ 4,500 ಯೂರೋ ಮೇಲೆ ತೆರಿಗೆ ಹಾಕುತ್ತಾರೆ. ಸಂಬಳ ಏರಿದಂತೆ ದರವೂ ಏರುವುದರಿಂದ, ಒಂಟಿಯಾಗಿರುವವರಿಗೆ ಆ ಮೇಲಿನ ಸಾವಿರಕ್ಕೆ ಸುಮಾರು 300 ಯೂರೋ ತೆರಿಗೆ ಬೀಳುತ್ತದೆ. ಅದನ್ನು ರೂಪಾಯಿಯಿಂದ ಹಿಡಿಯಲು ಅವರಿಗೆ ಆಗದು. ಯೂರೋ ಪೇಸ್ಲಿಪ್‌ನಿಂದಲೇ ಹಿಡಿಯುತ್ತಾರೆ. 3,500ಕ್ಕೆ ತೆರಿಗೆ ಕಳೆದು ಬಾಡಿಗೆಗೆ ಒಪ್ಪಿಕೊಂಡವರಿಗೆ ತಿಂಗಳ ಕೊನೆಗೆ ಕೈ ಬಿಗಿಯಾಗುವುದು ಇಲ್ಲಿಂದಲೇ. ಮೊದಲ ಪೇಸ್ಲಿಪ್‌ನಲ್ಲಿ ಒಟ್ಟು ಸಂಬಳ 3,500 ಎಂದಷ್ಟೇ ಇದ್ದರೆ ನೆಮ್ಮದಿಪಡಬೇಡಿ. ರೂಪಾಯಿ ಪಾಲು ಲೆಕ್ಕಕ್ಕೆ ಬಂದಿಲ್ಲ, ಬಾಕಿ ಒಟ್ಟಿಗೆ ಬರುತ್ತದೆ ಎಂದರ್ಥ.

ಇತ್ತ ಭಾರತದಲ್ಲಿ ಹೊರಡುವ ದಿನಾಂಕವೇ ದೊಡ್ಡದು. ಉದ್ಯೋಗಕ್ಕೆಂದು ಹೋಗುವ ಭಾರತೀಯರು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ಇಲ್ಲಿದ್ದರೆ ನಿವಾಸಿಗಳು. ಸೆಪ್ಟೆಂಬರ್ ಮಧ್ಯದಲ್ಲಿ ಹೊರಟು ಮಾರ್ಚ್‌ವರೆಗೆ ಹಿಂದಿರುಗದವರು ಅನಿವಾಸಿ. ಅಕ್ಟೋಬರ್‌ನಲ್ಲಿ ಹೊರಟವರು ನಿವಾಸಿ, ಅವರ ಯೂರೋ ಸಂಬಳವನ್ನೂ ಇಲ್ಲಿ ತೋರಿಸಿ, ಅಲ್ಲಿ ಕಟ್ಟಿದ ತೆರಿಗೆಗೆ ವಿನಾಯಿತಿ ಕೇಳಬೇಕು. ಅನಿವಾಸಿಯಾದವರಿಗೂ ರೂಪಾಯಿ ಪಾಲಿನಲ್ಲಿ ಕಂಪನಿ ಟಿಡಿಎಸ್ ಹಿಡಿಯುವುದುಂಟು. ಹಣ ಭಾರತದಲ್ಲಿ ಕೈಸೇರಿತು ಎಂಬುದೇ ಅದಕ್ಕೆ ಆಧಾರ. ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಅದನ್ನು ವಾಪಸ್ ಕೇಳಲು ಜರ್ಮನಿಯ ತೆರಿಗೆ ಕಚೇರಿಯ ನಿವಾಸ ಪ್ರಮಾಣಪತ್ರ ಬೇಕು.

ಆದ್ದರಿಂದ ಸಹಿ ಹಾಕುವ ಮುನ್ನ ನಿಯೋಜನೆ ಪತ್ರದಲ್ಲಿ ಒಂದು ಸಾಲನ್ನು ಹುಡುಕಿ: ರೂಪಾಯಿ ಪಾಲಿಗೆ ಜರ್ಮನಿಯಲ್ಲಿ ಬೀಳುವ ತೆರಿಗೆಯನ್ನು ಯಾರು ಹೊರುತ್ತಾರೆ? ಅದು ಇಲ್ಲದಿದ್ದರೆ ಬರೆಸಿಕೊಳ್ಳಿ. ಹೊರಟ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸುವಂತೆ ಬ್ಯಾಂಕಿಗೆ ತಿಳಿಸಿ. ರೂಪಾಯಿ ಸಂಬಳ ಅದಕ್ಕೇ ಬೀಳಬೇಕು.