ಮಕ್ಕಳ ವಾಟ್ಸಾಪ್ ಗುಂಪುಗಳಲ್ಲಿ ಕಿರುಕುಳ: ಸಂದೇಶ ಅಳಿಯುವ ಮುನ್ನ ಸಾಕ್ಷ್ಯ ಉಳಿಸುವ ಕ್ರಮ

ಕನಕಪುರ ರಸ್ತೆಯ ಗ್ರಾಮ ಪಂಚಾಯಿತಿಗಳಿಂದ ಮಕ್ಕಳು ಜರಗನಹಳ್ಳಿ, ಜೆ.ಪಿ. ನಗರದ ಕಡೆ ಓದಲು ಹೋಗುವುದುಂಟು. ಹೀಗೆ ಹೋಗುವ ಹತ್ತನೇ ತರಗತಿಯ ಬಾಲಕಿಯೊಬ್ಬಳ ಭಾವಚಿತ್ರ ಹಾಕಿ, ರಾತ್ರಿ ಹತ್ತು ಗಂಟೆಗೆ ಸಹಪಾಠಿಗಳು ಗುಂಪಿನಲ್ಲಿ ಬೆದರಿಕೆಯ, ಹೀನಾಯ ಮಾತು ಬರೆದರೆಂದು ಭಾವಿಸೋಣ. ಸಿಟ್ಟಿಗೆದ್ದ ತಂದೆ ಮೊದಲು ಗುಂಪಿನ ಅಡ್ಮಿನ್‌ಗೆ ಕರೆ ಮಾಡುತ್ತಾನೆ. ಐದು ನಿಮಿಷದಲ್ಲಿ ಎಲ್ಲವೂ ಅಳಿದಿರುತ್ತದೆ. ಸಾಕ್ಷ್ಯ ನಾಶವಾಗುವುದು ಬಹುತೇಕ ಇಂತಹ ಆತುರದ ಕರೆಯಿಂದಲೇ.

ವಾಟ್ಸಾಪ್‌ನಲ್ಲಿ ಕಳುಹಿಸಿದವರು ಸುಮಾರು ಎರಡೂವರೆ ದಿನಗಳವರೆಗೆ ಸಂದೇಶವನ್ನು ಎಲ್ಲರ ಫೋನ್‌ನಿಂದಲೂ ಅಳಿಸಬಹುದು. ಇತರರ ಸಂದೇಶವನ್ನು ಅಳಿಸುವ ಅಧಿಕಾರ ಅಡ್ಮಿನ್‌ಗೂ ಇದೆ. ತಲುಪಿದ ಸಂದೇಶದ ಪ್ರತಿಯನ್ನು ಕಂಪನಿ ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲವಾದ್ದರಿಂದ, ಮಗುವಿನ ಫೋನ್‌ನಲ್ಲಿರುವುದೇ ಮುಖ್ಯ ಸಾಕ್ಷ್ಯ.

ಆದುದರಿಂದ ಪೋಷಕರು ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಆರಿದೆಯೇ ಎಂದು ನೋಡಬೇಕು. ಅಂತರ್ಜಾಲ ಇಲ್ಲದ ಫೋನ್‌ಗೆ ಅಳಿಸುವ ಆದೇಶ ತಲುಪದು. ತಾನಾಗಿ ಮರೆಯಾಗುವಂತೆ ಹೊಂದಿಸಿದ ಸಂದೇಶಗಳ ಗಡುವು ಮಾತ್ರ ಇದರಿಂದ ನಿಲ್ಲುವುದಿಲ್ಲ. ಆ ಗಡುವು ಕೇವಲ 24 ಗಂಟೆ ಇರಬಹುದು. ಬಳಿಕ ಇನ್ನೊಂದು ಫೋನ್‌ನಿಂದ ವಿಡಿಯೊ ತೆಗೆಯುತ್ತಾ ಗುಂಪಿನ ಹೆಸರು, ಸದಸ್ಯರ ಪಟ್ಟಿ, ಅನಂತರ ಜಗಳಕ್ಕೆ ಮೊದಲಿನ ಮಾತಿನಿಂದ ಕೊನೆಯವರೆಗೆ ನಿಧಾನವಾಗಿ ಸರಿಸಬೇಕು. ಪ್ರತಿ ಪರದೆಯ ಸ್ಕ್ರೀನ್‌ಶಾಟ್‌ನಲ್ಲಿ ದಿನಾಂಕ, ವೇಳೆ ಕಾಣಬೇಕು. ಹೆಸರು ಸೇವ್ ಆಗಿದ್ದರೆ ಅದನ್ನು ಒತ್ತಿ ಮೊಬೈಲ್ ಸಂಖ್ಯೆಯನ್ನೂ ಚಿತ್ರಿಸಬೇಕು. ಹೆಸರನ್ನು ಯಾರು ಹೇಗೆ ಬೇಕಾದರೂ ಬರೆದಿಟ್ಟುಕೊಳ್ಳಬಹುದು.

ಬಿಡಿ ಚಿತ್ರ ಎಷ್ಟು ದಾರಿ ತಪ್ಪಿಸಬಲ್ಲದೆಂಬುದು 2020ರ ಮೇ ತಿಂಗಳಿನಲ್ಲಿ ಕಂಡಿತು. ದೆಹಲಿಯ ಶಾಲಾ ಬಾಲಕರ ‘ಬಾಯ್ಸ್ ಲಾಕರ್ ರೂಮ್’ ಎಂಬ ಇನ್‌ಸ್ಟಾಗ್ರಾಮ್ ಗುಂಪಿನದೆಂದು ಹರಿದಾಡಿದ ಒಂದು ಸಂಭಾಷಣೆ ಆ ಗುಂಪಿನದೇ ಅಲ್ಲ, ಬಾಲಕಿಯೊಬ್ಬಳು ಬಾಲಕನ ಹೆಸರಿನಲ್ಲಿ ಸ್ನ್ಯಾಪ್‌ಚಾಟ್‌ನಲ್ಲಿ ನಡೆಸಿದ್ದು ಎಂದು ಪೊಲೀಸರು ತಿಳಿಸಿದರು.

ಸ್ಕ್ರೀನ್‌ಶಾಟ್ ಉಳಿಸಿದ ಮೇಲೂ ಮೂಲ ಫೋನನ್ನು ಮಾರಬಾರದು, ರೀಸೆಟ್ ಮಾಡಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯೊಡನೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ತಜ್ಞರ ಸಹಿಯೂ ಅಗತ್ಯ. ಮಗುವಿನ ಅಶ್ಲೀಲ ಅಥವಾ ತಿರುಚಿದ ನಗ್ನ ಚಿತ್ರವಿದ್ದರೆ ಕ್ರಮ ಬೇರೆ: ಅದನ್ನು ನಕಲು ಮಾಡದೆ, ಸದಸ್ಯರಿಗೂ ಕಳುಹಿಸದೆ, ಫೋನನ್ನೇ ಪೊಲೀಸರಿಗೆ ಒಪ್ಪಿಸಬೇಕು.

ಬರೆದವನು ನಗರದವನು, ಮಗು ಹಳ್ಳಿಯದು ಎಂಬ ಕಾರಣಕ್ಕೆ ಪೋಷಕರನ್ನು ಠಾಣೆಯಿಂದ ಠಾಣೆಗೆ ಅಲೆಸುವಂತಿಲ್ಲ. ಸಂಜ್ಞೇಯ ಅಪರಾಧದ ಮಾಹಿತಿಯನ್ನು ವ್ಯಾಪ್ತಿ ನೋಡದೆ ದಾಖಲಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಜೊತೆಯಲ್ಲಿ ಹೋಗುವ ಸದಸ್ಯರು ಇದನ್ನು ತಿಳಿಸಬಹುದು. cybercrime.gov.in ಜಾಲತಾಣದಲ್ಲೂ ದೂರು ನೀಡಬಹುದು. ಮಕ್ಕಳ ಸಹಾಯವಾಣಿ 1098.