ಫೋಟೊದಲ್ಲಿ ಕಾಣುವ ಮಷೀನು ಅಸಲಿಯೇ?

2021ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಫಿಲಿಪ್ಸ್ ಸಂಸ್ಥೆ ನಡೆಸಿದ ಹರಾಜಿಗೆ ಒಂದು ಹಳೆಯ ಒಮೆಗಾ ಸ್ಪೀಡ್‌ಮಾಸ್ಟರ್ ಕೈಗಡಿಯಾರ ಬಂತು. 1957ರಲ್ಲಿ ಹೊರಬಂದ 2915-1 ಎಂಬ ಮೊದಲ ಮಾದರಿ ಅದು. ಕಪ್ಪಗಿದ್ದ ಡಯಲ್ ವರ್ಷಗಳು ಉರುಳಿದಂತೆ ಕಂದುಬಣ್ಣಕ್ಕೆ ತಿರುಗಿತ್ತು. ಸಂಗ್ರಾಹಕರು ಇಂಥ ಬಣ್ಣಕ್ಕೆ ಮುಗಿಬೀಳುತ್ತಾರೆ. 80 ಸಾವಿರದಿಂದ 1 ಲಕ್ಷ 20 ಸಾವಿರ ಸ್ವಿಸ್ ಫ್ರಾಂಕ್ ಬರಬಹುದೆಂದು ಹರಾಜಿನವರು ಅಂದಾಜಿಸಿದ್ದರು. ಮಾರಾಟವಾದದ್ದು 31 ಲಕ್ಷ ಫ್ರಾಂಕ್‌ಗೂ ಹೆಚ್ಚಿನ ಬೆಲೆಗೆ. ಕೊಂಡವರು ಬೇರೆ ಯಾರೂ ಅಲ್ಲ, ತಮ್ಮ ವಸ್ತುಸಂಗ್ರಹಾಲಯಕ್ಕೆಂದು ಒಮೆಗಾದವರೇ.

ಒಂದೂವರೆ ವರ್ಷ ಕಳೆದು, 2023ರಲ್ಲಿ, ಆ ಗಡಿಯಾರ ಒಂದೇ ಗಡಿಯಾರವಾಗಿ ಹುಟ್ಟಿದ್ದಲ್ಲ ಎಂಬ ಸಂಗತಿ ಬಯಲಾಯಿತು. ಬೇರೆ ಬೇರೆ ಕಡೆಯಿಂದ ತಂದ, ಬಹುಪಾಲು ಅಸಲಿಯೇ ಆಗಿದ್ದ ಭಾಗಗಳನ್ನು ಕೂಡಿಸಿ ಅದನ್ನು ಸಿದ್ಧಪಡಿಸಲಾಗಿತ್ತು. ತನ್ನದೇ ಮೂವರು ಮಾಜಿ ನೌಕರರು ಇದರಲ್ಲಿ ಸೇರಿದ್ದರೆಂದು ಒಮೆಗಾ ಹೇಳಿತು. ಹರಾಜಿಗೆ ಮುನ್ನವೇ ಆ ಗಡಿಯಾರದ ಚಿತ್ರಗಳು ಎಲ್ಲರಿಗೂ ನೋಡಲು ಸಿಕ್ಕಿದ್ದವು. ಮೂವ್‌ಮೆಂಟಿನ ನಂಬರಿಗೆ ಕಂಪನಿಯ ಕಡತದಿಂದ ದೃಢೀಕರಣವನ್ನೂ ಪಡೆದಿದ್ದೆವು ಎಂದು ಫಿಲಿಪ್ಸ್ ಆಮೇಲೆ ತಿಳಿಸಿತು. ಇಷ್ಟೆಲ್ಲ ಇದ್ದೂ ಮೋಸ ದಾಟಿಕೊಂಡು ಹೋಯಿತು.

ಹೇಗೆ ದಾಟಿತು ಎಂದು ತಿಳಿಯಬೇಕಾದರೆ, ಗಡಿಯಾರದ ಬೆನ್ನುಮುಚ್ಚಳ ತೆಗೆದು ತೆಗೆದ ಫೋಟೊದಲ್ಲಿ ನಿಜಕ್ಕೂ ಏನು ಕಾಣುತ್ತದೆ ಎಂಬುದನ್ನು ನೋಡಬೇಕು. ಮೂವ್‌ಮೆಂಟ್ ಎಂದರೆ ಗಡಿಯಾರವನ್ನು ಓಡಿಸುವ ಯಂತ್ರಭಾಗ. ನಮ್ಮ ರಿಪೇರಿ ಅಂಗಡಿಗಳಲ್ಲಿ ಅದನ್ನು ಮಷೀನು ಎನ್ನುತ್ತಾರೆ. ಕೆಳಗೊಂದು ಮುಖ್ಯ ತಟ್ಟೆ, ಅದರ ಮೇಲೆ ಸ್ಪ್ರಿಂಗ್ ತುಂಬಿದ ಡಬ್ಬಿ, ಹಲ್ಲುಚಕ್ರಗಳ ಸಾಲು, ಕೊನೆಗೆ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ. ಇವುಗಳನ್ನು ಮೇಲಿನಿಂದ ಹಿಡಿದಿಡುವ ಲೋಹದ ಪಟ್ಟಿಗಳೇ ಬ್ರಿಡ್ಜ್‌ಗಳು. ಹಿಂಬದಿಯಿಂದ ತೆಗೆದ ಫೋಟೊದಲ್ಲಿ ಸಿಗುವುದು ಈ ಬ್ರಿಡ್ಜ್‌ಗಳ ಮೇಲ್ಮೈ, ಕೆಲವು ಸ್ಕ್ರೂಗಳ ತಲೆ, ಬ್ಯಾಲೆನ್ಸ್ ಚಕ್ರ, ಕೆತ್ತಿದ ಹೆಸರು ಮತ್ತು ನಂಬರು, ಅಷ್ಟೇ. ಬ್ರಿಡ್ಜ್‌ಗಳ ಕೆಳಗಿನ ಚಕ್ರಗಳು ಕಾಣುವುದಿಲ್ಲ. ಡಯಲ್‌ನ ಅಡಿಯಲ್ಲಿ ಅಡಗಿರುವ, ಮುಳ್ಳು ತಿರುಗಿಸುವ ಮತ್ತು ಕೀ ಕೊಡುವ ವ್ಯವಸ್ಥೆಯಂತೂ ಪೂರ್ತಿ ಮರೆ.

ಕಾಣುವ ಆ ಮೇಲ್ಮೈಯಲ್ಲೇ ಮೊದಲ ಅಪಾಯವಿದೆ. ನಂಬರು ಇರುವುದು ಒಂದು ಬ್ರಿಡ್ಜ್ ಮೇಲೆ, ಆ ಬ್ರಿಡ್ಜ್ ನಿಂತಿರುವುದು ಸ್ಕ್ರೂಗಳ ಮೇಲೆ. ಹಾಳಾದ ಒಂದು ಅಸಲಿ ಮೂವ್‌ಮೆಂಟಿನಿಂದ ನಂಬರಿರುವ ಬ್ರಿಡ್ಜ್ ಬಿಚ್ಚಿ, ಅದೇ ಜಾತಿಯ ಇನ್ನೊಂದು ಮೂವ್‌ಮೆಂಟಿಗೆ ಕೂರಿಸಲು ಪಳಗಿದ ಕೈಗೆ ಹೆಚ್ಚು ಹೊತ್ತು ಬೇಡ. ಆಮೇಲೆ ತೆಗೆದ ಫೋಟೊದಲ್ಲಿ ಸುಳ್ಳಿರುವುದಿಲ್ಲ. ಅಕ್ಷರ, ಕೆತ್ತನೆ, ಲೋಹ ಎಲ್ಲವೂ ಕಾರ್ಖಾನೆಯದ್ದೇ. ಕಂಪನಿಯ ಕಡತ ತೆಗೆದರೆ, ಈ ನಂಬರಿನ ಮೂವ್‌ಮೆಂಟ್ ಇಂಥ ವರ್ಷ ತಯಾರಾಗಿ ಇಂಥ ಮಾದರಿಯಲ್ಲಿ ಹೋಯಿತು ಎಂಬ ಉತ್ತರವೂ ಸಿಗುತ್ತದೆ. ಆದರೆ ಕಡತ ಉತ್ತರಿಸಿದ್ದು ನಂಬರಿನ ಬಗ್ಗೆ. ಆ ನಂಬರಿನ ಸುತ್ತ ಈಗ ಇರುವ ಚಕ್ರಗಳು, ಕೇಸ್, ಡಯಲ್ ಆ ದಿನದವೇ ಎಂಬುದರ ಬಗ್ಗೆ ಅಲ್ಲ.

ಎರಡನೆಯ ತೊಡಕು ಇನ್ನೂ ಸರಳ. ಒಂದೇ ಮೂವ್‌ಮೆಂಟನ್ನು ಕಂಪನಿಗಳು ಹಲವು ಮಾದರಿಗಳಿಗೆ ಹಾಕುತ್ತವೆ. ಹಳೆಯ ಸ್ಪೀಡ್‌ಮಾಸ್ಟರ್‌ನಲ್ಲಿದ್ದ 321 ಎಂಬ ಮೂವ್‌ಮೆಂಟ್ ಒಮೆಗಾದ ಸೀಮಾಸ್ಟರ್ ಹೆಸರಿನ ಕೆಲವು ಗಡಿಯಾರಗಳಲ್ಲೂ ಇತ್ತು. ಅವುಗಳ ಬೆಲೆ ಕಡಿಮೆ. ಅಲ್ಲಿಂದ ಕಿತ್ತ ಮೂವ್‌ಮೆಂಟ್ ಸ್ಪೀಡ್‌ಮಾಸ್ಟರ್ ಕೇಸಿನೊಳಗೆ ಕೂತರೆ, ಫೋಟೊದಲ್ಲಿ ಕಾಣುವುದು ನೂರಕ್ಕೆ ನೂರು ಅಸಲಿ 321.

ಮೂರನೆಯದು ತದ್ರೂಪು ಮೂವ್‌ಮೆಂಟುಗಳು. ಸ್ವಿಟ್ಜರ್ಲೆಂಡಿನ ಇಟಿಎ ಕಂಪನಿಯ 2824-2 ಎಂಬ ಆಟೊಮ್ಯಾಟಿಕ್ ಮೂವ್‌ಮೆಂಟ್ ದಶಕಗಳಿಂದ ಅಸಂಖ್ಯ ಬ್ರ್ಯಾಂಡುಗಳ ಒಳಗೆ ಓಡುತ್ತಿದೆ. ಅದರ ಪೇಟೆಂಟ್ ಅವಧಿ ಮುಗಿದ ಮೇಲೆ ಚೀನಾದ ಸೀಗಲ್ ಕಂಪನಿ ಅದೇ ವಿನ್ಯಾಸದಲ್ಲಿ ಎಸ್‌ಟಿ2130 ತಯಾರಿಸಿತು. ಸ್ವಂತ ಹೆಸರಿನಲ್ಲಿ ಮಾರುವವರೆಗೆ ಇದರಲ್ಲಿ ತಪ್ಪೇನಿಲ್ಲ, ಮೂವ್‌ಮೆಂಟೂ ಒಳ್ಳೆಯದೇ. ಆದರೆ ಯಾರೋ ಮಧ್ಯವರ್ತಿ ಇಂಥದ್ದೊಂದರ ಮೇಲೆ ಬೇರೊಂದು ಹೆಸರು ಕೆತ್ತಿದ ರೋಟರ್, ಅಂದರೆ ಕೈ ಆಡಿದಂತೆ ತಿರುಗುವ ತೂಕದ ತಟ್ಟೆ, ಜೋಡಿಸಿದರೆ ಮೊಬೈಲ್ ಫೋಟೊ ನೋಡಿ ಹೇಳುವುದು ಅಸಾಧ್ಯಕ್ಕೆ ಹತ್ತಿರ. ಇನ್ನು ಅಗ್ಗದ ಮೂವ್‌ಮೆಂಟಿನ ಮೇಲೆ ದುಬಾರಿ ಮೂವ್‌ಮೆಂಟಿನ ಬ್ರಿಡ್ಜ್‌ಗಳಂತೆ ಕಾಣುವ ತೆಳು ಹೊದಿಕೆ ಕೂರಿಸುವವರೂ ಇದ್ದಾರೆ. ನೇರ ಮೇಲಿನಿಂದ ತೆಗೆದ ಚಿತ್ರದಲ್ಲಿ ದಪ್ಪ ತಿಳಿಯುವುದಿಲ್ಲ. ಗಡಿಯಾರವನ್ನು ಓರೆ ಹಿಡಿದು ನೋಡಿದರೆ ಆ ಹೊದಿಕೆ ಯಾವ ಚಕ್ರವನ್ನೂ ಹಿಡಿದಿಲ್ಲ ಎಂಬುದು ಗೊತ್ತಾಗುತ್ತದೆ.

ಹಾಗಾದರೆ ಬೇಕಾದ ಸಾಕ್ಷ್ಯ ಯಾವುದು? ಇದನ್ನು ನಮ್ಮ ನಾಡಿನ ಗಡಿಯಾರವನ್ನೇ ಮುಂದಿಟ್ಟುಕೊಂಡು ನೋಡಬಹುದು.

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಹಳೆಯ ಜನತಾ, ಪೈಲಟ್‌ಗಳಿಗೆ ಸಂಗ್ರಾಹಕರ ಬೇಡಿಕೆ ಏರಿತು. ಬೇಡಿಕೆಯ ಬೆನ್ನಿಗೇ, ಹಳೆಯ ಭಾಗಗಳಿಗೆ ಹೊಸ ಬಣ್ಣದ ಡಯಲ್ ಹಾಕಿ ಕೂಡಿಸಿದ ಗಡಿಯಾರಗಳೂ ಮಾರುಕಟ್ಟೆ ತುಂಬಿದವು. ಜನತಾದಲ್ಲೂ ಪೈಲಟ್‌ನಲ್ಲೂ ಇರುವುದು 0231 ಎಂಬ ಅದೇ 17 ಜ್ಯೂಯೆಲ್‌ನ, ಕೀ ಕೊಡುವ ಮೂವ್‌ಮೆಂಟ್. ಪೈಲಟ್‌ಗೆ ಬೆಲೆ ಹೆಚ್ಚು. ಹೀಗಾಗಿ ಮಾರುವವರು ಕಳಿಸಿದ ಫೋಟೊದಲ್ಲಿ 0231 ಸ್ಪಷ್ಟವಾಗಿ ಕಂಡರೂ, ಅದು ಪೈಲಟ್ ಆಗಿ ಕಾರ್ಖಾನೆ ಬಿಟ್ಟಿತ್ತೋ, ಜನತಾ ಆಗಿತ್ತೋ ತಿಳಿಯುವುದಿಲ್ಲ.

ಇಂಥದ್ದೊಂದು ಪೈಲಟ್ ಅನುಭವಿ ರಿಪೇರಿಯವರ ಮೇಜಿಗೆ ಬಂತೆನ್ನಿ. ಅವರು ಮೊದಲು ನೋಡುವುದು ಮಷೀನು ಕೇಸಿನಲ್ಲಿ ಕೂತಿರುವ ರೀತಿ. ಕೀ ಕೊಡುವ ಕಡ್ಡಿ ಕೇಸಿನ ತೂತಿಗೆ ನೇರವಾಗಿ ಬರುತ್ತಿದೆಯೇ, ಮಷೀನು ಅಲ್ಲಾಡದೆ ನಿಂತಿದೆಯೇ, ಅಲ್ಲಾಡದಿರಲೆಂದು ಕಾಗದ ಅಥವಾ ತಗಡಿನ ಚೂರು ತುರುಕಿದ್ದಾರೆಯೇ ಎಂದು ಪರೀಕ್ಷಿಸುತ್ತಾರೆ. ಬೆನ್ನುಮುಚ್ಚಳದ ಒಳಭಾಗದಲ್ಲಿ ಹಿಂದಿನ ರಿಪೇರಿಯವರು ಗೀಚಿದ ಸಣ್ಣ ಗುರುತುಗಳಿರಬಹುದು. ಬಳಿಕ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸ್ಕ್ರೂಗಳ ಸೀಳು ನೋಡುತ್ತಾರೆ. ಒಂದು ಬ್ರಿಡ್ಜ್‌ನ ಸ್ಕ್ರೂಗಳು ಮಾತ್ರ ಕೆದರಿದ್ದು ಉಳಿದವು ನುಣುಪಾಗಿದ್ದರೆ, ಅಥವಾ ಒಂದು ಬ್ರಿಡ್ಜ್ ಬಣ್ಣ ಮಾಸಿ ಪಕ್ಕದ್ದು ಹೊಳೆಯುತ್ತಿದ್ದರೆ, ಅಲ್ಲಿ ಕೈ ಆಡಿದೆ ಎಂದರ್ಥ. ಆಡಿದ ಕೈ ಪ್ರಾಮಾಣಿಕ ರಿಪೇರಿಯದ್ದೂ ಇರಬಹುದು. ಆದ್ದರಿಂದ ಈ ಗುರುತು ತೀರ್ಪಲ್ಲ, ಮುಂದೆ ಎಲ್ಲಿ ಹುಡುಕಬೇಕೆಂಬ ಸುಳಿವು.

ನಿಜವಾದ ಮಾಹಿತಿ ಸಿಗುವುದು ಮುಳ್ಳು ಕಿತ್ತು ಡಯಲ್ ಎತ್ತಿದಾಗ. ಡಯಲ್‌ನ ಹಿಂದೆ ಎರಡು ತೆಳ್ಳನೆಯ ಕಾಲುಗಳಿರುತ್ತವೆ. ಅವು ಮುಖ್ಯ ತಟ್ಟೆಯ ತೂತುಗಳಿಗೆ ಇಳಿದು, ಪಕ್ಕದ ಪುಟ್ಟ ಸ್ಕ್ರೂಗಳಿಂದ ಬಿಗಿಯಾಗುತ್ತವೆ. ಬೇರೆ ಗಡಿಯಾರದ ಡಯಲ್ ತಂದವರಿಗೆ ಈ ಕಾಲುಗಳು ತೊಡಕು, ತೂತಿಗೆ ಹೊಂದದಿದ್ದರೆ ಅವನ್ನು ಕತ್ತರಿಸಿ ಡಯಲನ್ನು ಅಂಟಿನಿಂದ ಕೂರಿಸುತ್ತಾರೆ. ಕತ್ತರಿಸಿದ ಮೊಂಡು, ಅಂಟಿನ ಕಲೆ ಎರಡೂ ಡಯಲ್ ತೆಗೆಯುವ ತನಕ ಯಾರ ಕಣ್ಣಿಗೂ ಬೀಳವು. ಮತ್ತೆ ಬಣ್ಣ ಬಳಿದ ಡಯಲ್ ಆಗಿದ್ದರೆ ಅಂಚಿನಲ್ಲಿ, ಮುಳ್ಳಿನ ತೂತಿನ ಸುತ್ತ ಬಣ್ಣ ದಪ್ಪಗೆ ನಿಂತಿರುತ್ತದೆ, ಅಕ್ಷರಗಳ ಅಂಚು ಹರಡಿರುತ್ತದೆ. ಇದೇ ಹೊತ್ತಿಗೆ ಮುಖ್ಯ ತಟ್ಟೆಯ ಮುಂಬದಿಯೂ ತೆರೆದುಕೊಳ್ಳುತ್ತದೆ. ಮೇಲ್ಮುಖವನ್ನು ಅಚ್ಚುಕಟ್ಟಾಗಿ ನಕಲು ಮಾಡಿದವರೂ ಕಾಣದ ಈ ಬದಿಯಲ್ಲಿ ಅಷ್ಟು ಶ್ರಮ ಪಡುವುದು ಕಡಿಮೆ.

ಇನ್ನೊಂದು ಸಾಕ್ಷ್ಯ ಕಿವಿಗೆ ಸೇರಿದ್ದು. ಟೈಮ್‌ಗ್ರಾಫರ್ ಎಂಬ ಸಣ್ಣ ಯಂತ್ರದ ಮೈಕಿನ ಮೇಲೆ ಗಡಿಯಾರ ಇಟ್ಟರೆ ಅದು ಟಿಕ್ ಟಿಕ್ ಸದ್ದನ್ನು ಎಣಿಸುತ್ತದೆ. 0231 ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ ಐದು ಬಾರಿ ಬಡಿಯಬೇಕು. ಒಮೆಗಾ 321ರದ್ದೂ ಅಷ್ಟೇ. ಇಟಿಎ 2824-2 ಆದರೆ 28,800, ಸೆಕೆಂಡಿಗೆ ಎಂಟು. ಬಡಿತ ಬೇರೆ ಬಂದರೆ ಒಳಗಿರುವುದು ಹೇಳಿದ ಮೂವ್‌ಮೆಂಟ್ ಅಲ್ಲ ಎಂದು ಖಚಿತವಾಗಿ ಹೇಳಬಹುದು. ಸರಿ ಬಂದರೆ ಅಸಲಿ ಎಂದು ಹೇಳಲಾಗದು, ಏಕೆಂದರೆ ತದ್ರೂಪು ಮೂವ್‌ಮೆಂಟುಗಳೂ ಅದೇ ಲೆಕ್ಕದಲ್ಲಿ ಬಡಿಯುತ್ತವೆ. ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತೂಗುತ್ತದೆ ಎಂಬುದನ್ನೂ ಈ ಯಂತ್ರ ತೋರಿಸುತ್ತದೆ. ಅದು ಆರೋಗ್ಯದ ವರದಿ, ಗುರುತಿನ ಚೀಟಿಯಲ್ಲ.

ಇಷ್ಟಾದರೂ ಫೋಟೊಗೆ ಬೆಲೆಯಿಲ್ಲ ಎಂದಲ್ಲ. ಹೋಲಿಸಲು ಇನ್ನೊಂದು ಚಿತ್ರ ಸಿಕ್ಕರೆ ಅದೇ ಬಲವಾದ ಸಾಕ್ಷ್ಯವಾಗುತ್ತದೆ. ಗಡಿಯಾರ ಹತ್ತು ವರ್ಷಗಳ ಹಿಂದೆ ಬೇರೆಡೆ ಮಾರಾಟವಾದಾಗ ತೆಗೆದ ಚಿತ್ರವೊಂದು ಇದೆಯೆನ್ನಿ. ಬ್ರಿಡ್ಜ್ ಮೇಲಿನ ಒಂದು ಗೀರು, ಡಯಲ್‌ನ ಒಂದು ಚುಕ್ಕೆ, ಮುಳ್ಳಿನ ತುದಿಯ ಒಂದು ಕಲೆ ಎರಡರಲ್ಲೂ ಒಂದೇ ಜಾಗದಲ್ಲಿದ್ದರೆ ಆ ಭಾಗ ಬದಲಾಗಿಲ್ಲ. ನಂಬರು ಅದೇ ಇದ್ದು ಡಯಲ್ ಬೇರೆಯಾಗಿದ್ದರೆ ನಡುವೆ ಏನಾಯಿತೆಂದು ಕೇಳಲು ದಾರಿಯಾಯಿತು. ಕೊಂಡಾಗಿನ ರಸೀದಿ, ಸರ್ವಿಸ್ ಚೀಟಿ, ನಂಬರು ಬರೆದ ಗ್ಯಾರಂಟಿ ಕಾರ್ಡು ಕೂಡ ಇಂಥ ಹೋಲಿಕೆಗೇ ಒದಗುತ್ತವೆ. ಫೋಟೊ ಈ ಗಡಿಯಾರದ್ದೇ ಹೌದೋ, ಬೇರೆ ಮಾರಾಟಗಾರರಿಂದ ಎತ್ತಿಕೊಂಡದ್ದೋ ಎಂಬುದೂ ಗೀರು, ಕಲೆಗಳಿಂದಲೇ ಗೊತ್ತಾಗುತ್ತದೆ.

ಒಮೆಗಾ ಈಗ ಹಳೆಯ ಗಡಿಯಾರಗಳಿಗೆ ಅಸಲಿತನದ ಪ್ರಮಾಣಪತ್ರ ಕೊಡುವಾಗ ಗಡಿಯಾರವನ್ನೇ ತರಿಸಿಕೊಂಡು ಪರಿಶೀಲಿಸುತ್ತದೆ. ನಮ್ಮ ಪೈಲಟ್‌ಗೆ ಅಂಥ ಕಚೇರಿ ಬಾಗಿಲಿಲ್ಲದಿದ್ದರೂ ರಿಪೇರಿಯವರ ಮೇಜಿನ ತಪಾಸಣೆ ಸಾಕಷ್ಟು ದೂರ ಕರೆದೊಯ್ಯುತ್ತದೆ. ಅವರ ಉತ್ತರ ಸಾಮಾನ್ಯವಾಗಿ ಅಸಲಿ ಅಥವಾ ನಕಲಿ ಎಂಬ ಒಂದೇ ಪದದಲ್ಲಿ ಬರುವುದಿಲ್ಲ. ಮಷೀನು ಎಚ್‌ಎಂಟಿಯದೇ, ಕೇಸ್ ಹಳೆಯದೇ, ಡಯಲ್‌ಗೆ ಮತ್ತೆ ಬಣ್ಣ ಬಿದ್ದಿದೆ, ಮುಳ್ಳುಗಳು ಬೇರೆ ಕಡೆಯವು ಎಂದು ಭಾಗ ಭಾಗವಾಗಿ ಹೇಳುತ್ತಾರೆ. ಕೊಳ್ಳುವವರು ಆ ಪಟ್ಟಿಯನ್ನು ಬಿಲ್ಲಿನ ಮೇಲೇ ಬರೆಸಿಕೊಂಡರೆ, ಪೈಲಟ್‌ನ ಪೂರ್ತಿ ಬೆಲೆ ಕೊಡಬೇಕೋ, ಒಳ್ಳೆಯ 0231 ಇರುವ ಓಡುವ ಗಡಿಯಾರದ ಬೆಲೆ ಕೊಟ್ಟರೆ ಸಾಕೋ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ.